ಹಗಲು ಸ್ಪಷ್ಟ, ರಾತ್ರಿ ಬರೀ ಬಿಳಿ: ಸಿಸಿಟಿವಿ ಕ್ಯಾಮೆರಾಕ್ಕೆ ಕತ್ತಲಲ್ಲಿ ಆಗುವುದೇನು?

ತೀರ್ಥಹಳ್ಳಿ ಹತ್ತಿರದ ನಮ್ಮ ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ಸಿಸಿಟಿವಿ ಕ್ಯಾಮೆರಾಗಳಿವೆ. ಹಾಕಿಸಿ ಎರಡು ವರ್ಷವಾಗಿದ್ದರೂ ರಾತ್ರಿಯ ರೆಕಾರ್ಡಿಂಗನ್ನು ಯಾರೂ ತೆರೆದು ನೋಡಿರಲಿಲ್ಲ. ನೋಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೆ. ಹೋದ ಕೊಯ್ಲಿನಲ್ಲಿ ಚಪ್ಪರದ ಮೇಲೆ ಒಣಗಲು ಹರಡಿದ್ದ ಅಡಿಕೆ ಒಂದು ಮೂಲೆಯಲ್ಲಿ ಕಡಿಮೆಯಾದ ಹಾಗೆ ಕಂಡಿತು. ಆಗ ಟಿವಿಯ ಮುಂದೆ ಮನೆಯವರೆಲ್ಲ ಕೂತರು. ಜಗಲಿಯ ಕ್ಯಾಮೆರಾದಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿ. ಚಪ್ಪರದ ಕ್ಯಾಮೆರಾದಲ್ಲಿ ಮಂಜು. ಗೇಟಿನ ಕ್ಯಾಮೆರಾ ಕತ್ತಲಾದ ಮೇಲೆ ಇದ್ದೇ ಇಲ್ಲ. ಕೊಟ್ಟಿಗೆ ಕಡೆಯದು ಮಾತ್ರ ಪರವಾಗಿಲ್ಲ, ಆದರೆ ಅದರಲ್ಲೂ ದೂರದ್ದೆಲ್ಲ ಕಪ್ಪು.

ಫೋನ್ ಮಾಡಿದ ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಹಗಲು ಇರುವೆ ಹರಿದರೂ ಕಾಣ್ತದೆ, ರಾತ್ರಿ ಆನೆ ಬಂದ್ರೂ ಕಾಣೂದಿಲ್ಲ ಮಾರಾಯ. ಹೊಸ ಕ್ಯಾಮೆರಾನೇ ತಗೊಳ್ಳೂದಾ?"

ಕೊಳ್ಳಬೇಕಾಗಲಿಲ್ಲ. ನಾಲ್ಕು ಕ್ಯಾಮೆರಾಗಳಲ್ಲಿ ನಾಲ್ಕು ಬೇರೆ ಬೇರೆ ತೊಂದರೆ ಇದ್ದವು. ಆದರೆ ಎಲ್ಲದರ ಬೇರು ಒಂದೇ ಕಡೆ ಇತ್ತು. ಅದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

## ರಾತ್ರಿ ಕ್ಯಾಮೆರಾ ತನ್ನ ಟಾರ್ಚ್ ತಾನೇ ಹಿಡಿದಿರುತ್ತದೆ

ಹಗಲು ಕ್ಯಾಮೆರಾ ಸೂರ್ಯನ ಬೆಳಕಿನಲ್ಲಿ ನೋಡುತ್ತದೆ. ರಾತ್ರಿ ಆ ಬೆಳಕಿಲ್ಲ. ಹಾಗಾಗಿ ಲೆನ್ಸ್‌ನ ಸುತ್ತ ಅಥವಾ ಪಕ್ಕದಲ್ಲಿ ಸಣ್ಣ ಎಲ್ಇಡಿಗಳನ್ನು ಕೂರಿಸಿರುತ್ತಾರೆ. ಅವು ಚೆಲ್ಲುವುದು ಇನ್‌ಫ್ರಾರೆಡ್ ಬೆಳಕು, ಚಿಕ್ಕದಾಗಿ ಐಆರ್. ಕೆಂಪು ಬಣ್ಣದ ಆಚೆಗಿನ ಈ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾದ ಸೆನ್ಸರ್‌ಗೆ ಕಾಣುತ್ತದೆ. ನಿಮ್ಮ ಟಿವಿ ರಿಮೋಟ್‌ನ ಮೂತಿಯಿಂದ ಹೊರಡುವುದೂ ಇದೇ ಜಾತಿಯ ಬೆಳಕು.

ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವುದು 850 ನ್ಯಾನೋಮೀಟರ್‌ನ ಎಲ್ಇಡಿ. ಕತ್ತಲಲ್ಲಿ ದಿಟ್ಟಿಸಿದರೆ ಕೆಂಡ ಆರುವಾಗಿನಂಥ ಮಂದ ಕೆಂಪು ಕಾಣುತ್ತದೆ. ಕೆಲವದರಲ್ಲಿ 940 ನ್ಯಾನೋಮೀಟರ್‌ನದು ಇರುತ್ತದೆ. ಅದು ಸ್ವಲ್ಪವೂ ಕಾಣುವುದಿಲ್ಲ. ಆದರೆ ಸೆನ್ಸರ್‌ಗೂ ಅದು ಕಡಿಮೆಯೇ ಕಾಣುವುದರಿಂದ ಅಷ್ಟು ದೂರ ಮುಟ್ಟುವುದಿಲ್ಲ.

ಕತ್ತಲಾಯಿತೆಂದು ಕ್ಯಾಮೆರಾಕ್ಕೆ ಗೊತ್ತಾಗುವುದು ಎಲ್‌ಡಿಆರ್ ಎಂಬ ಸಣ್ಣ ಬೆಳಕಿನ ಸೆನ್ಸರ್‌ನಿಂದ. ಕೆಲವು ಕ್ಯಾಮೆರಾಗಳು ಚಿತ್ರ ಎಷ್ಟು ಕಪ್ಪಾಗಿದೆ ಎಂದು ನೋಡಿಯೇ ತೀರ್ಮಾನಿಸುತ್ತವೆ. ಗೊತ್ತಾದ ಕೂಡಲೇ ಎರಡು ಕೆಲಸ ನಡೆಯುತ್ತವೆ. ಐಆರ್ ಎಲ್ಇಡಿಗಳು ಹೊತ್ತಿಕೊಳ್ಳುತ್ತವೆ. ಜೊತೆಗೆ, ಹಗಲು ಬಣ್ಣ ಕೆಡದಂತೆ ಐಆರ್ ಬೆಳಕನ್ನು ತಡೆಯುತ್ತಿದ್ದ ಒಂದು ತೆಳು ಗಾಜು ಲೆನ್ಸ್‌ನ ಹಿಂದಿನಿಂದ ಪಕ್ಕಕ್ಕೆ ಸರಿಯುತ್ತದೆ. ಮುಸ್ಸಂಜೆಯಲ್ಲಿ ಕ್ಯಾಮೆರಾದ ಹತ್ತಿರ ನಿಂತರೆ "ಟಕ್" ಎಂದು ಕೇಳುವುದು ಅದೇ. ಆಮೇಲೆ ಚಿತ್ರ ಕಪ್ಪು ಬಿಳುಪಾಗುತ್ತದೆ.

ಈಗ ಆಗುಂಬೆ ಘಾಟಿಯನ್ನು ನೆನಪಿಸಿಕೊಳ್ಳಿ. ಮಂಜು ಮುಸುಕಿದಾಗ ಹೈ ಬೀಮ್ ಹಾಕಿದರೆ ಏನಾಗುತ್ತದೆ? ರಸ್ತೆ ಕಾಣುವ ಬದಲು ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ದೀಪವೂ ನಮ್ಮ ಕಡೆಯೇ, ಕಣ್ಣೂ ನಮ್ಮ ಕಡೆಯೇ. ಹತ್ತಿರದ ಹನಿಗಳಿಗೆ ಬಡಿದ ಬೆಳಕು ನೇರ ಕಣ್ಣಿಗೇ ವಾಪಸು ಬರುತ್ತದೆ. ರಾತ್ರಿಯ ಕ್ಯಾಮೆರಾದ ಪಾಡೂ ಅದೇ. ಅದರ ದೀಪ ಕಣ್ಣಿನ ಒಂದೆರಡು ಇಂಚಿನೊಳಗೆ ಇದೆ. ಆ ದೀಪದ ಎದುರಿಗೆ ಹತ್ತಿರದಲ್ಲಿ ಏನೇ ಅಡ್ಡ ಬಂದರೂ ಅದು ಬೆಳ್ಳಗೆ ಹೊಳೆಯುತ್ತದೆ. ಇನ್ನೊಂದು ವಿಷಯ, ಆ ದೀಪಕ್ಕೆ ಕರೆಂಟ್ ಬೇಕು. ಹಗಲು ಬೇಕಿಲ್ಲದ ಕರೆಂಟ್ ರಾತ್ರಿ ಬೇಕು. ಚಿಕ್ಕಪ್ಪನ ಮನೆಯ ತೊಂದರೆಗಳೆಲ್ಲ ಈ ಎರಡು ಸಂಗತಿಗಳ ಮಕ್ಕಳೇ.

## ಮೊದಲು ದೀಪ ಹೊತ್ತಿದೆಯೇ ನೋಡಿ

ಬಿಚ್ಚುವುದು, ಒರೆಸುವುದು ಎಲ್ಲ ಆಮೇಲೆ. ಮೊದಲು ಮೊಬೈಲ್ ಕ್ಯಾಮೆರಾ ತೆರೆದು ಸಿಸಿಟಿವಿಯ ಮುಖಕ್ಕೆ ಹಿಡಿಯಿರಿ. ಕತ್ತಲಲ್ಲಿ ಎಲ್ಇಡಿಗಳು ತಿಳಿ ನೇರಳೆಯಾಗಿ ಅಥವಾ ಬಿಳಿಯಾಗಿ ಹೊಳೆಯಬೇಕು. ಕೆಲವು ಫೋನ್‌ಗಳ ಹಿಂದಿನ ಕ್ಯಾಮೆರಾ ಐಆರ್ ಅನ್ನು ಚೆನ್ನಾಗಿ ತಡೆಯುತ್ತದೆ. ಆಗ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ನಿಮ್ಮ ಫೋನಿಗೆ ಐಆರ್ ಕಾಣುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಟಿವಿ ರಿಮೋಟ್ ಒತ್ತಿ ಪರೀಕ್ಷಿಸಬಹುದು.

ರಾತ್ರಿಯವರೆಗೆ ಕಾಯಬೇಕೆಂದೂ ಇಲ್ಲ. ಎಲ್‌ಡಿಆರ್ ಇರುವ ಕ್ಯಾಮೆರಾವಾದರೆ ಅದರ ಮುಖದ ಮೇಲಿನ ಆ ಸಣ್ಣ ಚುಕ್ಕಿಯನ್ನು ಬೆರಳಿನಿಂದ ಮುಚ್ಚಿ. ಕ್ಯಾಮೆರಾ ರಾತ್ರಿಯಾಯಿತೆಂದು ನಂಬಿ "ಟಕ್" ಎನ್ನುತ್ತದೆ, ದೀಪ ಹೊತ್ತಿಸುತ್ತದೆ.

ಎಲ್ಇಡಿ ಹೊತ್ತಿಲ್ಲದಿದ್ದರೆ ತೊಂದರೆ ವಿದ್ಯುತ್ತಿನದು, ಇಲ್ಲವೇ ಎಲ್ಇಡಿ ಹಲಗೆಯೇ ಹೋಗಿದೆ. ಎಲ್ಲ ಹೊತ್ತಿದ್ದೂ ಚಿತ್ರ ಪೂರಾ ಕಪ್ಪಾಗಿದ್ದರೆ ಆ ಸರಿಯುವ ಗಾಜು ಹಗಲಿನ ಜಾಗದಲ್ಲೇ ಸಿಕ್ಕಿಕೊಂಡಿರಬಹುದು. ಅದೇ ಗಾಜು ರಾತ್ರಿಯ ಜಾಗದಲ್ಲಿ ಸಿಕ್ಕಿಕೊಂಡರೆ ಹಗಲಿನ ಚಿತ್ರ ಗುಲಾಬಿ ಗುಲಾಬಿಯಾಗುತ್ತದೆ, ಹಸಿರು ಎಲೆ ನೇರಳೆಗೆ ತಿರುಗುತ್ತದೆ. ಇದು ರಿಪೇರಿ ಅಂಗಡಿಯ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ. ದೀಪ ಹೊತ್ತಿದ್ದು ಚಿತ್ರ ಬೆಳ್ಳಗಾಗಿದ್ದರೆ ಮಾತ್ರ ಬೆಳಕು ಎಲ್ಲಿಂದಲೋ ವಾಪಸು ಬರುತ್ತಿದೆ ಎಂದರ್ಥ. ನಮ್ಮ ಜಗಲಿಯದು ಹಾಗಿತ್ತು.

## ಜಗಲಿಯ ಬಿಳಿ: ಕಂಬವೂ ಜೇಡನೂ

ಜಗಲಿಯಲ್ಲಿದ್ದದ್ದು ಡೋಮ್ ಕ್ಯಾಮೆರಾ, ಅಂದರೆ ಮಗುಚಿಟ್ಟ ಬಟ್ಟಲಿನಂಥದ್ದು. ಅದರಲ್ಲಿ ಎರಡು ಕಾರಣಗಳು ಒಟ್ಟಿಗೆ ಸೇರಿಕೊಂಡಿದ್ದವು.

ಮೊದಲನೆಯದು ಕಂಬ. ಚಿತ್ರದ ಎಡ ಅಂಚಿನಲ್ಲಿ ಜಗಲಿಯ ಕಂಬ, ಅದೂ ಸುಣ್ಣ ಬಳಿದದ್ದು. ಕ್ಯಾಮೆರಾದಿಂದ ಅರ್ಧ ಮೀಟರ್ ದೂರ. ಹಗಲು ಅದೇನೂ ತೊಂದರೆ ಕೊಡುವುದಿಲ್ಲ, ಯಾಕೆಂದರೆ ಸೂರ್ಯ ಕಂಬಕ್ಕೂ ಅಂಗಳಕ್ಕೂ ಒಂದೇ ಅಳತೆಯಲ್ಲಿ ಬಡಿಸುತ್ತಾನೆ. ಕ್ಯಾಮೆರಾದ ಸಣ್ಣ ದೀಪ ಹಾಗಲ್ಲ. ಅದರ ಬೆಳಕು ದೂರ ಹೋದಂತೆ ಹರಡಿ ತೆಳುವಾಗುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಅರ್ಧ ಮೀಟರ್‌ನಲ್ಲಿರುವ ಕಂಬಕ್ಕೂ 10 ಮೀಟರ್‌ನಲ್ಲಿ ನಿಂತ ಮನುಷ್ಯನಿಗೂ ದೂರದ ವ್ಯತ್ಯಾಸ 20 ಪಟ್ಟು. ಬೆಳಕಿನ ವ್ಯತ್ಯಾಸ 20 ಗುಣಿಸು 20, ಅಂದರೆ 400 ಪಟ್ಟು.

ಕ್ಯಾಮೆರಾ ಇಡೀ ಚಿತ್ರವನ್ನು ನೋಡಿ ಎಷ್ಟು ಬೆಳಕು ಒಳಗೆ ಬಿಡಬೇಕೆಂದು ನಿರ್ಧರಿಸುತ್ತದೆ. 400 ಪಟ್ಟು ಹೊಳೆಯುವ ಕಂಬ ಕಂಡರೆ "ಅಬ್ಬಾ, ಬೆಳಕು ಜಾಸ್ತಿಯಾಯಿತು" ಎಂದು ತಗ್ಗಿಸುತ್ತದೆ. ಆಗ ಕಂಬವೂ ಬಿಳಿಯಾಗಿಯೇ ಉಳಿಯುತ್ತದೆ, ಅಂಗಳ ಕತ್ತಲಾಗುತ್ತದೆ. ಹತ್ತಿರದ ಗೋಡೆ, ಸೂರಿನ ಅಂಚು, ಸಜ್ಜಾ, ನೇತು ಬಿದ್ದ ಬಳ್ಳಿ, ಒಣಹಾಕಿದ ಬಿಳಿ ಪಂಚೆ ಎಲ್ಲವೂ ಇದೇ ಕೆಲಸ ಮಾಡುತ್ತವೆ. ನಾವು ಮಾಡಿದ್ದು ಕ್ಯಾಮೆರಾವನ್ನು ಒಂದು ಗೇಣು ಬಲಕ್ಕೆ ತಿರುಗಿಸಿದ್ದು. ಕಂಬ ಚಿತ್ರದಿಂದ ಆಚೆ ಹೋಯಿತು. ಅರ್ಧ ಬಿಳಿಯೂ ಹೋಯಿತು.

ಉಳಿದರ್ಧ ಹೋಗಲಿಲ್ಲ. ಈಗ ಕಂಡದ್ದು ಒಂದು ಕಡೆಯ ಬಿಳಿಯಲ್ಲ, ಇಡೀ ಚಿತ್ರದ ಮೇಲೆ ತೆಳು ಹಾಲಿನ ಪರದೆ. ಇಂಥದ್ದು ಕಂಡರೆ ಅನುಮಾನ ಕ್ಯಾಮೆರಾದ ಮುಂದಿನ ಗಾಜಿನ ಮೇಲೆಯೇ. ನಮ್ಮಲ್ಲಿ ಅಲ್ಲಿ ಜೇಡರ ಬಲೆ ಇತ್ತು. ಕ್ಯಾಮೆರಾ ಬೆಚ್ಚಗಿರುತ್ತದೆ, ಹುಳಗಳು ಸುಳಿಯುತ್ತವೆ, ಹುಳ ಬಂದಲ್ಲಿ ಜೇಡ ಬರುತ್ತದೆ. ಲೆನ್ಸ್‌ನಿಂದ ಎರಡು ಇಂಚಿನಲ್ಲಿರುವ ಒಂದೇ ಒಂದು ಎಳೆ ರಾತ್ರಿ ಹಗ್ಗದಷ್ಟು ದಪ್ಪಗೆ, ಬೆಳ್ಳಗೆ ಕಾಣುತ್ತದೆ. ಬಲೆಯ ಜೊತೆಗೆ ಗಾಜಿನ ಮೇಲೆ ಕಂದು ಬಣ್ಣದ ಜಿಡ್ಡಿನ ಪದರವೂ ಇತ್ತು. ಅದು ಅಡಿಕೆ ಬೇಯಿಸುವ ಒಲೆಯ ಹೊಗೆ. ಹಗಲು ಅದರ ಮೂಲಕ ಚಿತ್ರ ಹೇಗೋ ಕಾಣುತ್ತದೆ, ರಾತ್ರಿ ಅದೇ ಜಿಡ್ಡು ಐಆರ್ ಬೆಳಕನ್ನು ಲೆನ್ಸ್‌ಗೆ ತಿರುಗಿಸುತ್ತದೆ.

ಒರೆಸುವಾಗ ಅವಸರ ಬೇಡ. ಒಣ ಬಟ್ಟೆಯಿಂದ ಉಜ್ಜಿದರೆ ಧೂಳೇ ಮರಳು ಕಾಗದವಾಗಿ ಗೀರು ಬೀಳುತ್ತದೆ. ಆ ಗೀರುಗಳು ಮುಂದೆ ಶಾಶ್ವತವಾಗಿ ಹೊಳೆಯುತ್ತವೆ. ಡೋಮ್‌ನ ಮುಚ್ಚಳ ಸಾಮಾನ್ಯವಾಗಿ ಗಾಜಲ್ಲ, ಪ್ಲಾಸ್ಟಿಕ್. ಥಿನ್ನರ್ ತಾಗಿದರೆ ಮಸುಕಾಗುತ್ತದೆ. ಮೊದಲು ನೀರು ಚಿಮುಕಿಸಿ ಧೂಳು ಇಳಿಸಿ, ಆಮೇಲೆ ಒಂದೆರಡು ಹನಿ ಪಾತ್ರೆ ಸೋಪು ಬೆರೆಸಿದ ನೀರಿನಲ್ಲಿ ಮೆತ್ತಗಿನ ಹತ್ತಿ ಬಟ್ಟೆ ಅದ್ದಿ ಒರೆಸಿದರೆ ಸಾಕು. ಹಾಂ, ಹೊಸದಾಗಿ ಹಾಕಿದ ಕ್ಯಾಮೆರಾವಾದರೆ ಮುಚ್ಚಳದ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತಿದ್ದಾರೋ ನೋಡಿ. ಕೀಳದೆ ಬಿಟ್ಟ ಮನೆಗಳನ್ನು ನಾನೇ ಕಂಡಿದ್ದೇನೆ.

ಒರೆಸಿದರೂ ಬಿಳಿ ಪರದೆ ಹೋಗದಿದ್ದರೆ ಡೋಮ್‌ಗೆ ಒಂದು ಖಚಿತ ಪರೀಕ್ಷೆ ಇದೆ. ಮಳೆ ಇಲ್ಲದ ರಾತ್ರಿ ಮುಚ್ಚಳವನ್ನೇ ತೆಗೆದು ಚಿತ್ರ ನೋಡಿ. ತೆಗೆದಾಗ ಚಿತ್ರ ಸ್ವಚ್ಛವಾದರೆ ತಪ್ಪು ಮುಚ್ಚಳದ್ದು. ಲೆನ್ಸ್‌ನ ಸುತ್ತ ಕಪ್ಪು ಸ್ಪಂಜಿನ ಅಥವಾ ರಬ್ಬರಿನ ಒಂದು ಉಂಗುರ ಇರುತ್ತದೆ, ಅದನ್ನೂ ಗಮನಿಸಿ. ಅದು ಮುಚ್ಚಳಕ್ಕೆ ಒತ್ತಿಕೊಂಡು ಕೂತರೆ ಮಾತ್ರ ಎಲ್ಇಡಿಯ ಬೆಳಕು ಮುಚ್ಚಳದೊಳಗೇ ಜಾರಿ ಲೆನ್ಸ್‌ಗೆ ಬರದಂತೆ ತಡೆಯುತ್ತದೆ. ಕ್ಯಾಮೆರಾ ತಿರುಗಿಸಲು ಬಿಚ್ಚಿದವರು ಉಂಗುರವನ್ನು ಸೊಟ್ಟಗೆ ಕೂರಿಸಿದರೆ, ಅಥವಾ ಅದು ಬಿದ್ದುಹೋದರೆ, ಆ ದಿನದಿಂದ ಬಿಳಿ ಶುರು. ಕಿಟಕಿಯ ಗಾಜಿನ ಒಳಗಿನಿಂದ ಹೊರಗೆ ನೋಡುವಂತೆ ಕ್ಯಾಮೆರಾ ಇಟ್ಟವರಿಗೂ ಇದೇ ಗತಿ. ಅಲ್ಲಿ ಉಂಗುರವೇ ಇಲ್ಲ. ಕಿಟಕಿಯ ಗಾಜು ಕನ್ನಡಿಯಾಗಿ ಕ್ಯಾಮೆರಾಕ್ಕೆ ಅದರ ದೀಪವನ್ನೇ ತೋರಿಸುತ್ತದೆ. ಕ್ಯಾಮೆರಾ ಅಲ್ಲೇ ಇರಬೇಕೆಂದರೆ ಐಆರ್ ಆರಿಸಿ ಹೊರಗೆ ಬಲ್ಬ್ ಹಾಕಬೇಕು.

## ಚಪ್ಪರದ ಮಂಜು: ಕ್ಯಾಮೆರಾವೂ ಉಸಿರಾಡುತ್ತದೆ

ಚಪ್ಪರ ನೋಡುತ್ತಿದ್ದದ್ದು ಬುಲೆಟ್ ಕ್ಯಾಮೆರಾ, ಉದ್ದನೆಯ ಕೊಳವೆಯಂಥದ್ದು. ಅದನ್ನೂ ಹೊರಗಿನಿಂದ ಒರೆಸಿದೆವು. ಏನೂ ಬದಲಾಗಲಿಲ್ಲ. ಹಳೆಯ ರೆಕಾರ್ಡಿಂಗ್ ಓಡಿಸಿದಾಗ ಒಂದು ಲಯ ಕಂಡಿತು. ಮುಸ್ಸಂಜೆಗೆ ಚಿತ್ರ ಚೆನ್ನಾಗಿದೆ. ಚಳಿ ಏರಿದಂತೆ ಅಂಚಿನಿಂದ ಮಸುಕು. ಬೆಳಗಿನ ಜಾವಕ್ಕೆ ಪೂರ್ತಿ ಮಂಜು. ಬಿಸಿಲು ಬಿದ್ದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ತಾನಾಗಿ ಸರಿ. ಹೀಗೆ ಹೊತ್ತು ನೋಡಿ ಬಂದು ಹೊತ್ತು ನೋಡಿ ಹೋಗುವುದು ಕೊಳೆಯಲ್ಲ, ನೀರು. ಅದೂ ಗಾಜಿನ ಒಳಮೈಯಲ್ಲಿ.

ಫ್ರಿಜ್‌ನಿಂದ ತೆಗೆದ ಮಜ್ಜಿಗೆ ಲೋಟದ ಹೊರಗೆ ಹನಿಗಟ್ಟುವುದನ್ನು ನೋಡಿದ್ದೀರಲ್ಲ? ಗಾಳಿಯಲ್ಲಿ ಕಾಣದಂತೆ ಇರುವ ತೇವ ತಣ್ಣನೆಯ ಮೈ ತಾಗಿದಾಗ ನೀರಾಗುತ್ತದೆ. ಕ್ಯಾಮೆರಾದ ಕೊಳವೆಯೊಳಗೆ ತೇವದ ಗಾಳಿ ಸಿಕ್ಕಿಕೊಂಡಿದ್ದರೆ, ರಾತ್ರಿ ಮುಂದಿನ ಗಾಜು ತಣ್ಣಗಾದಾಗ ಒಳಗೆ ಇಬ್ಬನಿ ಕೂರುತ್ತದೆ. ಹಗಲಾಗಿದ್ದರೆ ಅಷ್ಟು ತೆಳು ಇಬ್ಬನಿ ಚಿತ್ರವನ್ನು ಕೊಂಚ ಮಸುಕು ಮಾಡುತ್ತಿತ್ತು, ಅಷ್ಟೆ. ರಾತ್ರಿ ಪ್ರತಿ ಹನಿಯೂ ಐಆರ್ ಹಿಡಿದು ಹೊಳೆಯುತ್ತದೆ. ಮತ್ತೆ ಅದೇ ಆಗುಂಬೆಯ ಮಂಜು, ಈ ಸಲ ಲೆನ್ಸ್‌ನ ಬಾಗಿಲಲ್ಲೇ.

ಚಿಕ್ಕಪ್ಪ ಇಲ್ಲಿ ಒಂದು ಸರಿಯಾದ ಪ್ರಶ್ನೆ ಕೇಳಿದರು. ಪೆಟ್ಟಿಗೆಯ ಮೇಲೆ IP67 ಎಂದು ಬರೆದಿದೆ, ನೀರಲ್ಲಿ ಮುಳುಗಿಸಿದರೂ ಏನೂ ಆಗುವುದಿಲ್ಲ ಎಂದು ಹಾಕಿದ ಹುಡುಗ ಹೇಳಿದ್ದ, ಹಾಗಾದರೆ ತೇವ ಒಳಗೆ ಹೋದದ್ದು ಹೇಗೆ?

ಆ ಅಂಕೆ ಹೇಳುವುದು ಹೊಸ ಕ್ಯಾಮೆರಾದ ಮೈಗೆ ಧೂಳು, ನೀರು ನುಗ್ಗುವುದಿಲ್ಲ ಎಂದು. ಅದರಿಂದ ಹೊರಬಂದ ತಂತಿಯ ಜೋಡಣೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹಗಲು ಬಿಸಿಲಿಗೆ ಕ್ಯಾಮೆರಾ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗಿ ಸಣ್ಣ ಸಂದುಗಳಿಂದ ಹೊರಹೋಗುತ್ತದೆ. ಸಂಜೆ ಮಳೆ ಸುರಿದರೆ ಮೈ ತಟ್ಟನೆ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನ ಒದ್ದೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ದಿನಕ್ಕೊಂದು ಉಸಿರು. ಆ ಉಸಿರಿಗೆ ಸುಲಭದ ಮೂಗು ಎಂದರೆ ತಂತಿ. ತಂತಿಯ ಹೊರಕವಚದೊಳಗೆ ಎಳೆಗಳ ನಡುವೆ ಸಂದು ಇರುತ್ತದೆ. ತಂತಿಯ ತುದಿ ಮಳೆಗೆ ತೆರೆದಿದ್ದರೆ ನೀರು ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ. ನಮ್ಮಲ್ಲಿ ತಂತಿಯ ಜೋಡಣೆಯನ್ನು ಬರೀ ಇನ್ಸುಲೇಷನ್ ಟೇಪ್ ಸುತ್ತಿ ಸೂರಿನ ಕೆಳಗೆ ನೇತು ಬಿಟ್ಟಿದ್ದರು. ಎರಡು ಮಳೆಗಾಲ ಅದು ನೆನೆದಿತ್ತು.

ಇನ್ನೊಂದು ತಪ್ಪು ನಮ್ಮವರದೇ. ಕರೆಂಟ್ ಉಳಿಸಲೆಂದು ಚಿಕ್ಕಮ್ಮ ಆಗಾಗ ಹಗಲು ಕ್ಯಾಮೆರಾಗಳ ಸ್ವಿಚ್ ಆರಿಸುತ್ತಿದ್ದರು. ಚಾಲೂ ಇರುವ ಕ್ಯಾಮೆರಾ ತನ್ನ ಬಿಸಿಯಿಂದಲೇ ಒಳಗನ್ನು ಸ್ವಲ್ಪ ಬೆಚ್ಚಗಿಡುತ್ತದೆ. ಆರಿಸಿದರೆ ಮಳೆಗಾಲದ ದಿನಗಳಲ್ಲಿ ಅದು ಹೊರಗಿನಷ್ಟೇ ತಣ್ಣಗಾಗಿ ತೇವಕ್ಕೆ ದಾರಿ ಸಲೀಸಾಗುತ್ತದೆ.

ರಿಪೇರಿಗೆ ಬಿಸಿಲು ಜೋರಿರುವ ಮಧ್ಯಾಹ್ನ ಆರಿಸಿಕೊಂಡೆವು. ಗಾಳಿ ಒಣಗಿರುವಾಗ ಮುಚ್ಚಿದರೆ ಒಳಗೂ ಒಣಗಾಳಿಯೇ ಉಳಿಯುತ್ತದೆ. ಮಳೆ ಬರುವಾಗ ಬಿಚ್ಚಿ ಒರೆಸಿ ಮುಚ್ಚಿದರೆ ಸುಮ್ನೆ ಹೊಸ ತೇವವನ್ನು ತುಂಬಿ ಬೀಗ ಹಾಕಿದಂತೆ. ಸಪ್ಲೈ ಆರಿಸಿ, ಮುಂದಿನ ಗಾಜಿನ ಉಂಗುರ ತಿರುಗಿಸಿ ತೆಗೆದು, ಒಂದೆರಡು ಗಂಟೆ ಒಣ ಕೋಣೆಯಲ್ಲಿ ಬಿಟ್ಟೆವು. ಒಳಗಿದ್ದ ಸಿಲಿಕಾ ಜೆಲ್ ಪುಟ್ಟ ಚೀಲ ತೇವ ಕುಡಿದು ಕುಡಿದು ಕೆಲಸ ನಿಲ್ಲಿಸಿತ್ತು. ಹೊಸದೊಂದು ಚೀಲ ಲೆನ್ಸ್‌ಗೆ ಅಡ್ಡವಾಗದಂತೆ ಇಟ್ಟೆವು. ರಬ್ಬರ್ ಉಂಗುರದ ಮೇಲಿನ ಮಣ್ಣಿನ ಕಣ ಒರೆಸಿ ಅದನ್ನು ಅದರ ತೋಡಿನಲ್ಲೇ ಸರಿಯಾಗಿ ಕೂರಿಸಿದೆವು. ಒಂದು ಕೂದಲು ಸಿಕ್ಕಿಕೊಂಡರೂ ಅಲ್ಲಿ ದಾರಿ ತೆರೆದ ಹಾಗೆಯೇ.

ಸಿಲಿಕೋನ್ ಅಂಟು ಬಳಿದು ಎಲ್ಲ ಮುಚ್ಚಿಬಿಡೋಣ ಅನಿಸುವುದು ಸಹಜ. ಎಚ್ಚರ. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲದ ಆವಿ ಬಿಡುತ್ತದೆ. ಅದು ಮುಚ್ಚಿದ ಕ್ಯಾಮೆರಾದೊಳಗೆ ಸೇರಿದರೆ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನಿಜವಾದ ಪರಿಹಾರ ತಂತಿಯ ಕಡೆಗಿದೆ. ಜೋಡಣೆಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್‌ನೊಳಗೆ ಇಟ್ಟೆವು. ತಂತಿ ಪೆಟ್ಟಿಗೆಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಳುಕು ಹೊಡೆದು ಮೇಲೆ ಹೋಗುವಂತೆ ಬಿಟ್ಟೆವು. ಮಳೆ ನೀರು ತಂತಿಯ ಮೇಲೆ ಹರಿದು ಬಂದರೂ ಆ ಬಳುಕಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಪೆಟ್ಟಿಗೆಗೆ ಹೋಗುವುದಿಲ್ಲ.

## ಗೇಟಿನ ಕ್ಯಾಮೆರಾ: ಕತ್ತಲಾದರೆ ಸಾಯುವುದು

ಇದು ಎಲ್ಲಕ್ಕಿಂತ ತಲೆ ತಿನ್ನಿದ ತೊಂದರೆ. ಹಗಲಿಡೀ ಚಿತ್ರ ಚೊಕ್ಕ. ಸಂಜೆ ಏಳರ ಸುಮಾರಿಗೆ ಪರದೆ ಕಪ್ಪು, ಅದರ ಮೇಲೆ Video Loss ಎಂಬ ಬರಹ. ಅರ್ಧ ನಿಮಿಷಕ್ಕೆ ಚಿತ್ರ ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಗೇಟಿನ ಬಳಿ ನಿಂತರೆ ಟಕ್, ಟಕ್ ಎಂಬ ಸದ್ದು ಬಿಟ್ಟು ಬಿಟ್ಟು ಕೇಳುತ್ತದೆ. ಬದಲಾಯಿಸೋಣವೆಂದು ಕ್ಯಾಮೆರಾವನ್ನು ಬಿಚ್ಚಿ ತಂದು ಟಿವಿಯ ಪಕ್ಕದಲ್ಲೇ ಜೋಡಿಸಿ ದೀಪ ಆರಿಸಿದರೆ, ಅಲ್ಲಿ ಏನೂ ತೊಂದರೆ ಇಲ್ಲ!

ಆಟ ಇದ್ದದ್ದು ತಂತಿಯಲ್ಲಿ. ಕ್ಯಾಮೆರಾಕ್ಕೆ ಬೇಕಾದದ್ದು 12 ವೋಲ್ಟ್. ಮನೆಯೊಳಗಿನ ಎಸ್‌ಎಂಪಿಎಸ್, ಅಂದರೆ 230 ವೋಲ್ಟನ್ನು 12ಕ್ಕೆ ಇಳಿಸುವ ಡಬ್ಬಿ, ಅದನ್ನು ಕೊಡುತ್ತದೆ. ಅಲ್ಲಿಂದ ಗೇಟಿಗೆ 40 ಮೀಟರ್. ಕರೆಂಟ್ ಹೋಗಲೊಂದು, ಬರಲೊಂದು ಎಳೆ. ಒಟ್ಟು 80 ಮೀಟರ್ ತಂತಿ. ಸಿಸಿಟಿವಿಗೆ ಹಾಕುವ ಕೇಬಲ್‌ನಲ್ಲಿ ಚಿತ್ರ ಸಾಗುವ ದಪ್ಪ ಎಳೆಯ ಜೊತೆ ಸಪ್ಲೈಗೆಂದು ಕೂದಲಿನಂಥ ತೆಳು ಎಳೆಗಳಿರುತ್ತವೆ. ನಮ್ಮ ಕೇಬಲ್‌ನ ಎರಡು ಎಳೆ ಸೇರಿ ಸುಮಾರು 7 ಓಂ ತಡೆ ಇತ್ತು.

ಗದ್ದೆಗೆ ಪೈಪ್‌ನಲ್ಲಿ ನೀರು ಬಿಟ್ಟ ಹಾಗೆ ಎಂದುಕೊಳ್ಳಿ. ಪೈಪ್ ಸಣ್ಣದು, ಉದ್ದ ಜಾಸ್ತಿ. ನಲ್ಲಿ ಸ್ವಲ್ಪ ತೆರೆದಿದ್ದರೆ ತುದಿಯಲ್ಲೂ ಒತ್ತಡ ಇರುತ್ತದೆ. ಪೂರ್ತಿ ತೆರೆದರೆ ತುದಿಯಲ್ಲಿ ನೀರು ಜಿನುಗುತ್ತದೆ. ತಂತಿಯಲ್ಲಿ ಕಳೆದುಹೋಗುವ ವೋಲ್ಟ್ ಎಂದರೆ ಹರಿಯುವ ಕರೆಂಟ್ ಗುಣಿಸು ತಂತಿಯ ತಡೆ. ಹಗಲು ಆ ಕ್ಯಾಮೆರಾ ಸುಮಾರು 0.15 ಆಂಪಿಯರ್ ಎಳೆಯುತ್ತಿತ್ತು. 0.15 ಗುಣಿಸು 7 ಎಂದರೆ ಸುಮಾರು 1 ವೋಲ್ಟ್ ನಷ್ಟ, ಕ್ಯಾಮೆರಾಕ್ಕೆ 11 ಸಿಗುತ್ತಿತ್ತು. ಸಾಕಾಗುತ್ತಿತ್ತು. ಕತ್ತಲಾಗಿ ಐಆರ್ ಹೊತ್ತಿದ ಕೂಡಲೇ ಎಳೆತ 0.4 ಆಂಪಿಯರ್‌ಗೆ ಏರಿತು. ನಷ್ಟ 2.8 ವೋಲ್ಟ್. ಕ್ಯಾಮೆರಾಕ್ಕೆ ಸಿಕ್ಕಿದ್ದು 9 ಚಿಲ್ಲರೆ.

ಅಷ್ಟಕ್ಕೆ ಅದು ಆರಿಹೋಗುತ್ತದೆ. ಆರಿದಾಗ ಐಆರ್ ಕೂಡ ಆರುತ್ತದೆ. ಎಳೆತ ನಿಂತಿತು, ವೋಲ್ಟ್ ಮೇಲೆ ಬಂತು, ಕ್ಯಾಮೆರಾ ಮತ್ತೆ ಎದ್ದಿತು. ಎದ್ದು ನೋಡಿದರೆ ಕತ್ತಲು. ಐಆರ್ ಹೊತ್ತಿಸಿತು. ಮತ್ತೆ ಬಿದ್ದಿತು. ಬೆಳಗಾಗುವವರೆಗೂ ಇದೇ. ಆ ಟಕ್ ಟಕ್ ಸದ್ದು ಇದರದ್ದೇ. ಕೆಲವು ಕ್ಯಾಮೆರಾಗಳು ಹೀಗೆ ಪೂರ್ತಿ ಬೀಳುವುದಿಲ್ಲ. ಅವುಗಳ ಐಆರ್ ಮಂಕಾಗುತ್ತದೆ, ಚಿತ್ರದಲ್ಲಿ ಗೆರೆ ಓಡುತ್ತವೆ, ಅಥವಾ ಮಿಣುಕುತ್ತದೆ.

ಇದನ್ನು ಹಿಡಿಯಲು ಮಲ್ಟಿಮೀಟರ್ ಬೇಕು, ಆದರೆ ಇಲ್ಲಿ ಹೆಚ್ಚಿನವರು ಜಾರುವ ಒಂದು ಜಾಗ ಇದೆ. ಕ್ಯಾಮೆರಾದ ಪಿನ್ ಬಿಚ್ಚಿ ಬರೀ ತಂತಿಯ ತುದಿಯಲ್ಲಿ ಅಳೆಯುತ್ತಾರೆ. 12 ತೋರಿಸುತ್ತದೆ. "ಸಪ್ಲೈ ಸರಿ ಇದೆ, ಕ್ಯಾಮೆರಾನೇ ಹೋಗಿದೆ" ಎಂದುಬಿಡುತ್ತಾರೆ. ನಲ್ಲಿ ಮುಚ್ಚಿಟ್ಟು ಒತ್ತಡ ಅಳೆದ ಹಾಗಾಯಿತು ಅದು. ಕ್ಯಾಮೆರಾ ಜೋಡಿಸಿದ್ದಾಗಲೇ, ಐಆರ್ ಹೊತ್ತಿರುವಾಗಲೇ, ಕ್ಯಾಮೆರಾದ ತುದಿಯಲ್ಲಿ ಅಳೆಯಬೇಕು. ಒಂದಕ್ಕೆರಡು ಮಾಡುವ ಡಿಸಿ ಪಿನ್ ಸಿಗುತ್ತದೆ. ಒಂದು ಕವಲಿಗೆ ಕ್ಯಾಮೆರಾ, ಇನ್ನೊಂದಕ್ಕೆ ಮೀಟರ್ ಹಾಕಿದರೆ ಆಯಿತು. 11ಕ್ಕಿಂತ ಕೆಳಗೆ ಇಳಿದರೆ ತಂತಿ ಅಥವಾ ಡಬ್ಬಿಯ ಮೇಲೆ ಅನುಮಾನ ಪಡಬಹುದು.

ಎರಡರಲ್ಲಿ ಯಾವುದು? ರಾತ್ರಿ ಒಂದೇ ಕ್ಯಾಮೆರಾ, ಅದರಲ್ಲೂ ದೂರದ್ದು ಕೈಕೊಟ್ಟರೆ ತಂತಿ. ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಮಿಣುಕಿದರೆ ಡಬ್ಬಿ. ಡಬ್ಬಿಯ ಮೇಲೆ 12V 5A ಎಂದಿದ್ದರೆ ಅದು 5 ಆಂಪಿಯರ್‌ವರೆಗೆ ಕೊಡಬಲ್ಲದು. ನಮ್ಮ ನಾಲ್ಕು ಕ್ಯಾಮೆರಾಕ್ಕೆ ರಾತ್ರಿ ಬೇಕಾದದ್ದು ನಾಲ್ಕು ಗುಣಿಸು 0.4, ಅಂದರೆ 1.6. ಧಾರಾಳ ಸಾಕು. ಆದರೆ 2 ಆಂಪಿಯರ್‌ನ ಡಬ್ಬಿಯಾಗಿದ್ದರೆ ಅದು ದಿನವೂ ತುದಿಗಾಲಲ್ಲಿ ನಿಂತಿರುತ್ತಿತ್ತು. ವರ್ಷಗಳು ಕಳೆದಂತೆ ಒಳಗಿನ ಕೆಪಾಸಿಟರ್‌ಗಳು ಸೊರಗಿ ಅಷ್ಟನ್ನೂ ಕೊಡದಾಗುತ್ತದೆ. ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ, ಒಳಗೆ 230 ವೋಲ್ಟ್ ಇದೆ. ಹೊಸದು ಹಾಕಿ ನೋಡುವುದೇ ಸುಲಭ.

ಡಬ್ಬಿಯ ಪಕ್ಕದಲ್ಲಿ ವೋಲ್ಟ್ ಏರಿಸುವ ಸಣ್ಣ ತಿರುಪು ಇರುತ್ತದೆ. ಅದನ್ನು ತಿರುಗಿಸಿ 14ಕ್ಕೆ ಏರಿಸಿದರೆ ಗೇಟಿನದು ಸರಿಯಾಗುತ್ತದೆ ನಿಜ. ಆದರೆ ಎರಡು ಮೀಟರ್ ದೂರದ ಜಗಲಿ ಕ್ಯಾಮೆರಾಕ್ಕೂ ಆ 14 ಹಾಗೇ ಹೋಗುತ್ತದೆ. ನಾವು ಆ ದಾರಿ ಹಿಡಿಯಲಿಲ್ಲ. ಗೇಟಿಗೆ ಸಪ್ಲೈಗೆಂದೇ 1.5 ಚದರ ಮಿಲಿಮೀಟರ್‌ನ ತಾಮ್ರದ ಎರಡೆಳೆ ತಂತಿ ಬೇರೆ ಎಳೆದೆವು. 80 ಮೀಟರ್‌ಗೆ ಅದರ ತಡೆ ಸುಮಾರು 1 ಓಂ. ಅದೇ 0.4 ಆಂಪಿಯರ್‌ಗೆ ನಷ್ಟ ಅರ್ಧ ವೋಲ್ಟ್‌ಗಿಂತ ಕಡಿಮೆ. ಆ ರಾತ್ರಿ ಮೀಟರ್ 11.6 ತೋರಿಸಿತು. ಟಕ್ ಎಂದು ಕೇಳಿದ್ದು ಒಂದೇ ಸಲ.

## ಕೊಟ್ಟಿಗೆಯ ಕಪ್ಪು

ಕೊಟ್ಟಿಗೆ ಕಡೆಯ ಕ್ಯಾಮೆರಾದಲ್ಲಿ ರಿಪೇರಿ ಮಾಡುವಂಥದ್ದು ಏನೂ ಇರಲಿಲ್ಲ. ಹತ್ತಿರದ ಹುಲ್ಲಿನ ಬಣವೆ ಕಾಣುತ್ತದೆ, ತೋಟದ ಬೇಲಿ ಕಾಣುವುದಿಲ್ಲ. ಪೆಟ್ಟಿಗೆಯ ಮೇಲೆ 20 ಮೀಟರ್ ಎಂದಿತ್ತು, ಬೇಲಿ 35 ಮೀಟರ್ ದೂರ. ಮೊದಲೇ ಹೇಳಿದ ಲೆಕ್ಕವೇ ಇಲ್ಲೂ. 20 ಮೀಟರ್‌ನಲ್ಲಿ ಸಿಗುವ ಬೆಳಕಿನ ಮೂರನೇ ಒಂದು ಭಾಗ ಮಾತ್ರ ಬೇಲಿಗೆ ಸಿಗುತ್ತದೆ. ಹಸಿರು ಗಿಡ, ಕಪ್ಪು ಮಣ್ಣು, ಬಿಳಿ ಗೋಡೆ ಒಂದೇ ಥರ ಬೆಳಕು ತಿರುಗಿಸುವುದಿಲ್ಲ, ಆದ್ದರಿಂದ ಪೆಟ್ಟಿಗೆಯ 20 ಕೂಡ ಎಲ್ಲ ಕಡೆ 20 ಆಗಿರುವುದಿಲ್ಲ.

ಗೇಟಿನ ಕ್ಯಾಮೆರಾ ಸರಿಯಾದ ಮೇಲೆ ಚಿಕ್ಕಪ್ಪ ಬೈಕ್‌ನ ನಂಬರ್ ಓದಲು ನೋಡಿದರು. ಗಾಡಿಯೂ ಕಾಣುತ್ತದೆ, ಸವಾರನೂ ಕಾಣುತ್ತಾನೆ, ನಂಬರ್ ಪ್ಲೇಟ್ ಮಾತ್ರ ಬಿಳಿ ಚೌಕ. ಇದು ದೋಷವಲ್ಲ. ಪ್ಲೇಟ್‌ನ ಹಾಳೆಯನ್ನು ಮಾಡಿರುವುದೇ ಬಂದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವಂತೆ. ಕ್ಯಾಮೆರಾದ ದೀಪ ಲೆನ್ಸ್‌ನ ಪಕ್ಕದಲ್ಲೇ ಇರುವುದರಿಂದ ಆ ಬೆಳಕೆಲ್ಲ ಲೆನ್ಸ್‌ಗೇ ಬರುತ್ತದೆ. ಕೆಲವು ಕ್ಯಾಮೆರಾಗಳ ಸೆಟ್ಟಿಂಗ್‌ನಲ್ಲಿ Smart IR ಎಂದಿರುತ್ತದೆ. ಅದನ್ನು ಚಾಲೂ ಮಾಡಿದರೆ ಹತ್ತಿರ ಬಂದವರ ಮುಖ ಬಿಳಿಯಾಗದಂತೆ ದೀಪ ತಾನೇ ತಗ್ಗುತ್ತದೆ, ಪ್ಲೇಟ್‌ಗೆ ಅಷ್ಟು ಸಾಲುವುದಿಲ್ಲ.

ಬೇಲಿಗೆ ಕೊನೆಗೆ ಮಾಡಿದ್ದು ಹಳೇ ಉಪಾಯ. ಕೊಟ್ಟಿಗೆಯ ಆಚೆ ಗೋಡೆಗೆ 9 ವ್ಯಾಟ್‌ನ ಎಲ್ಇಡಿ ಬಲ್ಬ್ ಒಂದನ್ನು ಬೇಲಿಯ ಕಡೆಗೆ ಮುಖ ಮಾಡಿ ಹಾಕಿದೆವು. ಮೊದಲ ದಿನ ಅದನ್ನು ಕ್ಯಾಮೆರಾದ ಎದುರು ಕಂಬಕ್ಕೆ ಹಾಕಿ ಇಡೀ ಚಿತ್ರದ ನಡುವೆ ಸೂರ್ಯನನ್ನು ಕೂರಿಸಿದ್ದೆವು. ಆಮೇಲೆ ಕ್ಯಾಮೆರಾದ ಬೆನ್ನಿನ ಕಡೆಗೆ ತಂದು, ತಲೆಯ ಮೇಲೊಂದು ತಗಡಿನ ಮರೆ ಕಟ್ಟಿದೆವು.